ಸ್ಟಾಪ್ ಲಾಸ್ ಹಾಕಿದ್ದೆ, ಆದ್ರೂ ದುಡ್ಡು ಹೋಯ್ತು!

ಡಬ್ಲಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಓದುಗರೊಬ್ಬರು ಹೋದ ವಾರ ಬರೆದಿದ್ದರು. ಸಂಜೆ ಹೊತ್ತು ಸ್ವಲ್ಪ ಫಾರೆಕ್ಸ್ ಟ್ರೇಡಿಂಗ್ ಮಾಡ್ತಾರಂತೆ. ಅವರ ಲೆಕ್ಕಾಚಾರ ಹೀಗಿದೆ: 'ಸರ್, ಒಂದು ದೇಶದ ಸೆಂಟ್ರಲ್ ಬ್ಯಾಂಕೇ ಒಂದು ಬೆಲೆ ಹಿಡಿದು ನಿಂತಿದ್ರೆ, ಅದರ ಪಕ್ಕದಲ್ಲೇ ಖರೀದಿ ಮಾಡಿ, ಅದಕ್ಕಿಂತ ಚೂರು ಕೆಳಗೆ ಸ್ಟಾಪ್ ಲಾಸ್ ಇಟ್ಟರೆ ಆಯ್ತಲ್ಲ? ಹೋದ್ರೆ ಸ್ವಲ್ಪ, ಬಂದ್ರೆ ತುಂಬಾ. ಮನೆ ಕೊಳ್ಳೋಕೆ ಇಟ್ಟಿರೋ ದುಡ್ಡಲ್ಲಿ ಒಂದು ಭಾಗ ಹಾಕೋಣ ಅಂತಿದ್ದೀನಿ.'

ಈ ಲೆಕ್ಕವನ್ನು ಇವರಿಗಿಂತ ಮೊದಲು ಸಾವಿರಾರು ಜನ ಮಾಡಿದ್ದರು. ಅದಕ್ಕೆ ಉತ್ತರವೂ ಸಿಕ್ಕಿತ್ತು, 2015ರ ಜನವರಿ 15ರಂದು. ನಮ್ಮ ಸಮಯದ ಪ್ರಕಾರ ಮಧ್ಯಾಹ್ನ ಸರಿಯಾಗಿ 3 ಗಂಟೆಗೆ.

ಕತೆ ಶುರುವಾಗೋದು 2011ರಲ್ಲಿ. ಯೂರೋ ದೇಶಗಳಲ್ಲಿ ಸಾಲದ ಬಿಕ್ಕಟ್ಟು. ಹೆದರಿದ ದುಡ್ಡೆಲ್ಲ ಸ್ವಿಟ್ಜರ್‌ಲೆಂಡಿಗೆ ಓಡಿತು. ಆ ವರ್ಷದ ಆಗಸ್ಟ್‌ನಲ್ಲಿ ಒಂದು ಯೂರೋಗೆ ಹೆಚ್ಚುಕಮ್ಮಿ ಒಂದೇ ಸ್ವಿಸ್ ಫ್ರಾಂಕ್ ಅನ್ನೋ ಹಂತಕ್ಕೆ ಫ್ರಾಂಕ್ ಏರಿಬಿಟ್ಟಿತ್ತು. ಗಡಿಯಾರ, ಯಂತ್ರ, ಔಷಧಿ ರಫ್ತು ಮಾಡುವವರ ಗೋಳು ಕೇಳಬೇಡಿ. ಆಗ ಸ್ವಿಸ್ ನ್ಯಾಷನಲ್ ಬ್ಯಾಂಕ್ ಸೆಪ್ಟೆಂಬರ್ 6ರಂದು ಒಂದು ಗೆರೆ ಎಳೆಯಿತು: ಯೂರೋ ಬೆಲೆ 1.20 ಫ್ರಾಂಕ್‌ಗಿಂತ ಕೆಳಗೆ ಇಳಿಯೋಕೆ ಬಿಡಲ್ಲ, ಅದಕ್ಕಾಗಿ ಎಷ್ಟು ಬೇಕಾದರೂ ಯೂರೋ ಕೊಳ್ಳುತ್ತೇವೆ. ಕೊಳ್ಳೋಕೆ ದುಡ್ಡೆಲ್ಲಿಂದ? ತನ್ನದೇ ಕರೆನ್ಸಿ ತಾನೇ, ಸೃಷ್ಟಿ ಮಾಡಿಕೊಂಡರಾಯ್ತು. ಹೀಗೆ ಕೊಂಡು ಕೊಂಡು ಅದರ ಬಳಿ ಸುಮಾರು ಅರ್ಧ ಲಕ್ಷ ಕೋಟಿ ಫ್ರಾಂಕ್ ಮೌಲ್ಯದ ವಿದೇಶಿ ಹಣ ಗುಡ್ಡೆ ಬಿತ್ತು.

ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಗೆರೆ ಅಲ್ಲಾಡಲಿಲ್ಲ. 2014ರ ಕೊನೆಗೆ ಬೆಲೆ 1.20ರ ಮೇಲೆಯೇ, 1.2010ರ ಅಕ್ಕಪಕ್ಕ ಅಂಟಿಕೊಂಡು ಕೂತಿತ್ತು. ಟ್ರೇಡರ್‌ಗಳಿಗೆ ಇದು ಹಬ್ಬದೂಟದ ಹಾಗೆ ಕಂಡಿತು. 1.2010ಕ್ಕೆ ಯೂರೋ ಕೊಳ್ಳಿ, 1.1980ಕ್ಕೆ ಸ್ಟಾಪ್ ಹಾಕಿ, ನೆಮ್ಮದಿಯಾಗಿ ಮಲಗಿ. ಜನವರಿ 12ರಂದು ಬ್ಯಾಂಕಿನ ಉಪಾಧ್ಯಕ್ಷ ಜಾನ್-ಪಿಯರ್ ದಾಂತೀನ್ ಕೂಡ ಈ ಗೆರೆಯೇ ನಮ್ಮ ನೀತಿಯ ಆಧಾರ ಎಂಬರ್ಥದ ಮಾತು ಆಡಿದ್ದರು. ಮೂರು ದಿನ ಆಯಿತು. ಜ್ಯೂರಿಕ್‌ನಲ್ಲಿ ಬೆಳಗ್ಗೆ 10.30ಕ್ಕೆ ಬ್ಯಾಂಕು ಪ್ರಕಟಣೆ ಹೊರಡಿಸಿತು: ಗೆರೆ ಇವತ್ತಿಂದ ಇಲ್ಲ.

ಆ ಕ್ಷಣದಲ್ಲಿ ಸ್ಟಾಪ್ ಆರ್ಡರ್ ಒಳಗೆ ಏನಾಯ್ತು ಅನ್ನೋದೇ ನಮ್ಮ ಓದುಗರು ತಿಳಿಯಬೇಕಾದ ವಿಷಯ. ಸ್ಟಾಪ್ ಲಾಸ್ ಅಂದರೆ 'ಈ ಬೆಲೆಗೆ ಮಾರಿ ಕೊಡಿ' ಅಂತ ಬಹಳ ಜನ ಅಂದುಕೊಂಡಿರ್ತಾರೆ. ಅದು ಹಾಗಲ್ಲ. 'ಬೆಲೆ ಇಲ್ಲಿಗೆ ಮುಟ್ಟಿದ ಕೂಡಲೇ, ಆಗ ಸಿಗೋ ಬೆಲೆಗೆ ಮಾರಿ' ಅನ್ನುವುದೇ ಅದರ ನಿಜವಾದ ಅರ್ಥ. ಮುಟ್ಟಿದ ತಕ್ಷಣ ಅದು ಮಾರ್ಕೆಟ್ ಆರ್ಡರ್ ಆಗಿಬಿಡುತ್ತೆ. ಸಾಮಾನ್ಯ ದಿನಗಳಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲ್ಲ. ಯಾಕಂದ್ರೆ ಪ್ರತಿ ಬೆಲೆಯಲ್ಲೂ ಯಾರೋ ಒಬ್ಬರು ಕೊಳ್ಳೋಕೆ ನಿಂತಿರ್ತಾರೆ.

ಆದರೆ 1.20ರಲ್ಲಿ ಕೊಳ್ಳೋಕೆ ನಿಂತಿದ್ದವರು ಯಾರು? ಸೆಂಟ್ರಲ್ ಬ್ಯಾಂಕೇ. ಅದು ಎದ್ದು ಹೋದ ಮೇಲೆ ಆ ಜಾಗದಲ್ಲಿ ಗಿರಾಕಿಯೇ ಇಲ್ಲ. ಬೆಲೆ ಹೇಳುತ್ತಿದ್ದ ದೊಡ್ಡ ಬ್ಯಾಂಕುಗಳೂ ತಮ್ಮ ಬೋರ್ಡು ತಿರುಗಿಸಿಟ್ಟವು. ಎಲ್ಲರೂ ಒಂದೇ ಜಾಗದಲ್ಲಿ ಸ್ಟಾಪ್ ಇಟ್ಟಿದ್ದರಿಂದ ಅವೆಲ್ಲ ಒಟ್ಟಿಗೇ ಮಾರಾಟದ ಆರ್ಡರ್ ಆದವು. ಬಸ್‌ನಲ್ಲಿ ಎಮರ್ಜೆನ್ಸಿ ಬಾಗಿಲು ಒಂದೇ, ಇಳಿಯಬೇಕಾದವರು ಅರವತ್ತು ಜನ, ಅಂಥ ಸ್ಥಿತಿ. 1.19, 1.15, 1.10ರಲ್ಲಿ ಹೇಳಿಕೊಳ್ಳುವಂಥ ವ್ಯಾಪಾರವೇ ನಡೆಯಲಿಲ್ಲ. ಬೆಲೆ ಮೆಟ್ಟಿಲು ಇಳಿದು ಬರಲಿಲ್ಲ, ಮಹಡಿಯಿಂದ ಬಿತ್ತು. ಒಂದು ಕ್ಷಣ 0.85ರವರೆಗೆ ಹೋಗಿದ್ದೂ ದಾಖಲಾಗಿದೆ. ಆಮೇಲೆ ಮೇಲೆದ್ದು, ದಿನದ ಕೊನೆಗೆ ಒಂದು ಫ್ರಾಂಕ್‌ನ ಆಸುಪಾಸಿಗೆ ಬಂತು.

ಈಗ ಒಬ್ಬ ಟ್ರೇಡರ್‌ನ ಲೆಕ್ಕ ಹಾಕೋಣ. ಕಾಲ್ಪನಿಕ ವ್ಯಕ್ತಿ, ಆದರೆ ಅಂಥವರು ಅವತ್ತು ಬಹಳ ಜನ ಇದ್ದರು. ಖಾತೆಯಲ್ಲಿ 5,000 ಫ್ರಾಂಕ್ ಇದೆ. ಲಿವರೇಜ್ ತಗೊಂಡು 1.2010ಕ್ಕೆ 1,00,000 ಯೂರೋ ಕೊಂಡಿದ್ದಾನೆ. ಸ್ಟಾಪ್ 1.1980ರಲ್ಲಿ. ಅವನ ಮನಸ್ಸಿನಲ್ಲಿ ನಷ್ಟ ಅಂದರೆ 0.0030 ಗುಣಿಸು ಒಂದು ಲಕ್ಷ, ಅಂದರೆ 300 ಫ್ರಾಂಕ್. ಆದರೆ ಆರ್ಡರ್ ಪೂರ್ತಿಯಾದದ್ದು 1.0200ರಲ್ಲಿ ಅಂತಿಟ್ಟುಕೊಳ್ಳಿ. ನಷ್ಟ 18,100 ಫ್ರಾಂಕ್. ಖಾತೆ ಖಾಲಿ, ಅದರ ಮೇಲೆ ಬ್ರೋಕರ್‌ಗೆ 13,100 ಫ್ರಾಂಕ್ ಬಾಕಿ. ಸ್ಟಾಪ್ ಕೆಲಸ ಮಾಡಿಲ್ಲ ಅಂತ ಅವನು ಜಗಳ ಆಡಬಹುದು, ಆದರೆ ಅದು ಹೇಳಿದ್ದನ್ನೇ ಮಾಡಿದೆ.

ಗ್ರಾಹಕರು ಆ ಬಾಕಿ ಕೊಡದಿದ್ದಾಗ ಅದು ಬ್ರೋಕರ್ ತಲೆ ಮೇಲೆ ಬಂತು. ಎಫ್‌ಎಕ್ಸ್‌ಸಿಎಂ ಎಂಬ ಅಮೆರಿಕದ ಕಂಪನಿಗೆ ಸುಮಾರು 22.5 ಕೋಟಿ ಡಾಲರ್ ಹೊಡೆತ ಬಿತ್ತು, ತುರ್ತು ಸಾಲ ತಗೊಂಡು ಉಸಿರಾಡಿತು. ಬ್ರಿಟನ್ನಿನ ಅಲ್ಪಾರಿ ದಿವಾಳಿ ಆಯ್ತು. ಕೆಲವು ಕಡೆ ಮೊದಲು ಒಂದು ಬೆಲೆಗೆ ಆರ್ಡರ್ ಪೂರ್ತಿಯಾಗಿದೆ ಅಂತ ತೋರಿಸಿ, ಆಮೇಲೆ ಇನ್ನೂ ಕೆಟ್ಟ ಬೆಲೆಗೆ ತಿದ್ದಿದರು. ಸ್ಕ್ರೀನ್ ನೋಡಿ 'ಅಬ್ಬ, ಬಚಾವಾದೆ' ಅಂದವರಿಗೆ ಸಂಜೆ ಬಂದ ಇಮೇಲ್ ಹೇಗಿತ್ತೋ!

ಹಾಗಾದರೆ ಸೆಂಟ್ರಲ್ ಬ್ಯಾಂಕ್ ಕೈ ಹಾಕಿದಾಗೆಲ್ಲ ಹೀಗೇನಾ? ಇಲ್ಲ. ಜಪಾನ್ ನೋಡಿ. ಅಲ್ಲಿ ತೀರ್ಮಾನ ಹಣಕಾಸು ಸಚಿವಾಲಯದ್ದು, ಬ್ಯಾಂಕ್ ಆಫ್ ಜಪಾನ್ ಅದರ ಪರವಾಗಿ ವಹಿವಾಟು ಮಾಡುತ್ತೆ. 2022ರ ಸೆಪ್ಟೆಂಬರ್ 22ರಂದು ಡಾಲರ್ 145.90 ಯೆನ್‌ವರೆಗೆ ಹೋದಾಗ ಅವರು ಡಾಲರ್ ಮಾರಿ ಯೆನ್ ಕೊಂಡರು. 1998ರ ನಂತರ ಆ ದಿಕ್ಕಿನಲ್ಲಿ ಅದೇ ಮೊದಲು. ಅವತ್ತು ಡಾಲರ್ ಐದು ಯೆನ್‌ಗೂ ಹೆಚ್ಚು ಇಳಿಯಿತು. ಡಾಲರ್ ಹಿಡಿದು 145ರ ಹತ್ತಿರ ಸ್ಟಾಪ್ ಇಟ್ಟಿದ್ದವರು ಹೊರಬಿದ್ದರು. ಸ್ಲಿಪೇಜ್, ಅಂದರೆ ಇಟ್ಟ ಬೆಲೆಗೂ ಸಿಕ್ಕ ಬೆಲೆಗೂ ಇರುವ ಅಂತರ, ಇದ್ದೇ ಇರುತ್ತೆ. ಆದರೆ ದಾರಿಯಲ್ಲಿ ಗಿರಾಕಿಗಳು ಇದ್ದರು, ಬೆಲೆ ವೇಗವಾಗಿಯಾದರೂ ಮೆಟ್ಟಿಲು ಇಳಿದೇ ಬಂತು. ಅಷ್ಟೇ ಅಲ್ಲ, ಅವತ್ತು ಬಿದ್ದ ಆ ಸ್ಟಾಪ್‌ಗಳು ಸರ್ಕಾರದ ಕೆಲಸಕ್ಕೆ ಸಹಾಯವನ್ನೂ ಮಾಡಿದವು. ಡಾಲರ್ ಹಿಡಿದವರ ಸ್ಟಾಪ್ ಅಂದರೆ ಮತ್ತಷ್ಟು ಡಾಲರ್ ಮಾರಾಟ ತಾನೇ. ಸರ್ಕಾರ ಒಂದು ತಳ್ಳು ಕೊಟ್ಟರೆ ಉಳಿದದ್ದನ್ನು ಸ್ಟಾಪ್‌ಗಳೇ ತಳ್ಳುತ್ತವೆ.

ಒಂದು ತಿಂಗಳು ಕಳೆಯೋದರೊಳಗೆ ಡಾಲರ್ 151.94ಕ್ಕೆ ಏರಿತ್ತು, ಅದು ಬೇರೆ ಮಾತು. ಸ್ಟಾಪ್‌ನಲ್ಲಿ ಹೊರಬಿದ್ದವರು ಕೈ ಕೈ ಹಿಸುಕಿಕೊಂಡಿರಬೇಕು.

ನನಗೆ ಕಾಣುವ ವ್ಯತ್ಯಾಸ ಇಷ್ಟು. ಸೆಂಟ್ರಲ್ ಬ್ಯಾಂಕ್ ಮಾರುಕಟ್ಟೆಗೆ ಬಂದು ತಳ್ಳಿದರೆ ನಿಮ್ಮ ಸ್ಟಾಪ್‌ಗೆ ಕೆಟ್ಟ ಬೆಲೆ ಸಿಗುತ್ತೆ. ಅದು ಹಿಡಿದುಕೊಂಡಿದ್ದನ್ನು ಬಿಟ್ಟು ಹೋದರೆ ನಿಮ್ಮ ಸ್ಟಾಪ್ ಇದ್ದ ಜಾಗದಲ್ಲಿ ಬೆಲೆಯೇ ಇರಲ್ಲ. ಮೊದಲನೆಯದಕ್ಕೆ ಸುಳಿವು ಸಿಗುವುದುಂಟು. ಜಪಾನಿನಲ್ಲಿ ಅಧಿಕಾರಿಗಳ ಮಾತು ದಿನೇ ದಿನೇ ಖಾರ ಆಗುತ್ತೆ, ಬಳಿಕ ಬ್ಯಾಂಕ್ ಆಫ್ ಜಪಾನ್ ಡೀಲರ್‌ಗಳಿಗೆ ಫೋನ್ ಮಾಡಿ 'ರೇಟ್ ಎಷ್ಟು?' ಅಂತ ವಿಚಾರಿಸುತ್ತೆ. 2022ರಲ್ಲಿ ಇಂಥ ವಿಚಾರಣೆಯ ಸುದ್ದಿ ಬಂದ ಒಂದು ವಾರಕ್ಕೆ ಕ್ರಮ ಆಯ್ತು. ಎರಡನೆಯದಕ್ಕೆ ಸುಳಿವು ಕೊಡೋಕೆ ಆಗಲ್ಲ. 'ಮುಂದಿನ ವಾರ ಗೆರೆ ಅಳಿಸ್ತೀವಿ' ಅಂದರೆ ಇಡೀ ಜಗತ್ತು ಇವತ್ತೇ ಯೂರೋ ತಂದು ಅವರ ತಲೆ ಮೇಲೆ ಸುರಿಯುತ್ತೆ. ಹಾಗಾಗಿ ಹಿಂದಿನ ದಿನದವರೆಗೂ ಅವರು 'ಗೆರೆ ಭದ್ರ' ಅಂತಲೇ ಹೇಳಬೇಕು. ಅವರ ಮಾತನ್ನು ಸುಳ್ಳು ಅನ್ನೋಕೂ ನನಗೆ ಮನಸ್ಸು ಬರಲ್ಲ.

ಸ್ಟಾಪ್ ಲಿಮಿಟ್ ಹಾಕಿದ್ರೆ? 'ಇದಕ್ಕಿಂತ ಕೆಳಗೆ ಮಾರಬೇಡಿ' ಅಂತ ಒಂದು ಮಿತಿ ಸೇರಿಸಿದ ಆರ್ಡರ್ ಅದು. ಅವತ್ತು 1.1970 ಮಿತಿ ಹಾಕಿದ್ದವರ ಯೂರೋ 0.85ಕ್ಕೆ ಮಾರಿಹೋಗಲಿಲ್ಲ ನಿಜ, ಆದರೆ ಯಾವ ಬೆಲೆಗೂ ಮಾರಿಹೋಗಲಿಲ್ಲ. ಅವತ್ತು ಬೆಲೆ ಮತ್ತೆ 1.1970 ಕಡೆ ತಿರುಗಿಯೂ ನೋಡಲಿಲ್ಲ. ಗ್ಯಾರಂಟಿ ಸ್ಟಾಪ್ ಅಂತ ಇನ್ನೊಂದಿದೆ. ಕೆಲವು ಬ್ರೋಕರ್‌ಗಳು ಹೆಚ್ಚಿನ ಶುಲ್ಕ ತಗೊಂಡು ಕೊಡ್ತಾರೆ, ಬೆಲೆ ಎಲ್ಲಿಗೆ ಜಿಗಿದರೂ ನಿಮ್ಮ ಬೆಲೆಯೇ ಲೆಕ್ಕಕ್ಕೆ. ಬ್ರೋಕರ್ ಬದುಕಿರೋವರೆಗೆ ಅದು ಒಳ್ಳೆಯದೇ.

ಡಬ್ಲಿನ್ ಓದುಗರಿಗೆ ಒಂದು ರಕ್ಷಣೆ ಇದೆ. 2018ರಿಂದ ಯುರೋಪಿನ ನಿಯಮದ ಪ್ರಕಾರ ಸಾಮಾನ್ಯ ಗ್ರಾಹಕರ ಖಾತೆ ಸೊನ್ನೆಗಿಂತ ಕೆಳಗೆ ಹೋಗೋ ಹಾಗಿಲ್ಲ, ಪ್ರಮುಖ ಕರೆನ್ಸಿಗಳಿಗೆ ಲಿವರೇಜ್ 30 ಪಟ್ಟು ಮೀರುವಂತಿಲ್ಲ. ಸಾಲಗಾರ ಆಗಲ್ಲ, ಆದರೆ ಖಾತೆಯಲ್ಲಿ ಹಾಕಿದ್ದು ಪೂರ್ತಿ ಹೋಗಬಹುದು. ಬೆಂಗಳೂರಲ್ಲಿ ಕೂತು ಇದನ್ನ ಓದ್ತಿರೋವರಿಗೆ ನಿಯಮವೇ ಬೇರೆ: ವಿದೇಶಿ ಆ್ಯಪ್‌ಗಳಲ್ಲಿ ಮಾರ್ಜಿನ್ ಕಟ್ಟಿ ಫಾರೆಕ್ಸ್ ಆಡೋದಕ್ಕೆ ಫೆಮಾ ಒಪ್ಪಲ್ಲ. ಅನುಮತಿ ಇಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನೇ ರಿಸರ್ವ್ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ಹಾಕಿದೆ, ಒಮ್ಮೆ ನೋಡಿ.

ಇನ್ನು ಎಷ್ಟು ಹಾಕಬೇಕು ಅನ್ನೋ ಪ್ರಶ್ನೆ. ಸ್ಟಾಪ್‌ವರೆಗಿನ ದೂರ ಅಳೆದು ಮೊತ್ತ ನಿರ್ಧರಿಸೋದು ಪುಸ್ತಕದ ಪದ್ಧತಿ. ಸೆಂಟ್ರಲ್ ಬ್ಯಾಂಕ್ ಹಿಡಿದಿರೋ ಬೆಲೆಯಲ್ಲಿ ನಾನು ಅದನ್ನ ಒಪ್ಪಲ್ಲ. ಹಿಡಿದ ಕೈ ಇಲ್ಲದಿದ್ದರೆ ಈ ಬೆಲೆ ಎಲ್ಲಿರ್ತಿತ್ತು ಅಂತ ಕೇಳಿಕೊಳ್ಳಬೇಕು. ಸ್ವಿಸ್ ವಿಷಯದಲ್ಲಿ ಉತ್ತರ ಚಾರ್ಟ್‌ನಲ್ಲೇ ಇತ್ತು: ಗೆರೆ ಎಳೆಯೋ ಹಿಂದಿನ ತಿಂಗಳು ಬೆಲೆ ಒಂದರ ಹತ್ತಿರ ಇತ್ತು. ಸ್ವಲ್ಪ ಉದಾರವಾಗಿ 1.02 ಅಂತ ಹಿಡಿದರೂ 1.20ರಿಂದ ದೂರ 0.18. ನಿಮಗೆ ತಡೆಯೋಕೆ ಆಗೋ ನಷ್ಟ 1,000 ಫ್ರಾಂಕ್ ಆದರೆ, ಅದನ್ನ 0.18ರಿಂದ ಭಾಗಿಸಿ. ಸುಮಾರು 5,500 ಯೂರೋ ಬರುತ್ತೆ. ನಮ್ಮ ಕಾಲ್ಪನಿಕ ಮಿತ್ರ ಕೊಂಡಿದ್ದು ಒಂದು ಲಕ್ಷ. 5,500ಕ್ಕೆ ಸಿಗೋ ಲಾಭ ಕಾಫಿ ಖರ್ಚಿಗೂ ಸಾಲಲ್ಲ ಅಂತೀರಾ? ಹೌದು, ಸಾಲಲ್ಲ. ಆ ವ್ಯಾಪಾರದ ನಿಜವಾದ ಗಾತ್ರವೇ ಅಷ್ಟು.