ಔಟ್ ಆಗದವಳ ಲೆಕ್ಕ ಬರೆಯುವವರು ಯಾರು?

ಕಳೆದ ಸೆಮಿಸ್ಟರಿನಲ್ಲಿ ನಾನು ನಮ್ಮ ಕಾಲೇಜಿನ ಹುಡುಗಿಯರ ಕೊಕ್ಕೊ ತಂಡದಿಂದ ಹೊರಬಿದ್ದೆ. ಕಾಲು ಉಳುಕಿರಲಿಲ್ಲ, ಹಾಜರಾತಿಯೂ ಸರಿಯಾಗಿಯೇ ಇತ್ತು. ಪಟ್ಟಿ ಮಾಡುವವರು ನೋಟ್‌ಬುಕ್ ತೆರೆದು, ಯಾರು ಎಷ್ಟು ಜನರನ್ನು ಔಟ್ ಮಾಡಿದ್ದಾರೆ ಎಂದು ನೋಡಿದರು. ನನ್ನ ಹೆಸರಿನ ಎದುರು 1 ಎಂದಿತ್ತು. ನನ್ನ ಗೆಳತಿಯ ಹೆಸರಿನ ಎದುರು 6. ಅವಳು ತಂಡಕ್ಕೆ, ನಾನು ಚಪ್ಪಾಳೆ ತಟ್ಟುವ ಸಾಲಿಗೆ. ಅವಳ ಬಗ್ಗೆ ನನಗೆ ದೂರಿಲ್ಲ, ಅವಳ ಡೈವ್ ನೋಡಿದರೆ ನಾನೇ ಕೂಗುತ್ತೇನೆ. ನನ್ನ ತಕರಾರು ಆ ನೋಟ್‌ಬುಕ್ಕಿನ ಮೇಲೆ. ಅದರಲ್ಲಿ ಅರ್ಧ ಆಟವೇ ಇಲ್ಲ.

ಶಾಲೆಯಲ್ಲಿ ಎಲ್ಲರೂ ಕೊಕ್ಕೊ ಆಡಿದ್ದೀರಿ, ಆದರೂ ಅಂಕ ಹೇಗೆ ಬರುತ್ತದೆ ಎಂದು ಒಮ್ಮೆ ನೆನಪಿಸಿಕೊಳ್ಳಿ. ನಾವು ಕಾಲೇಜಿನಲ್ಲಿ ಆಡುವ ಸಾಂಪ್ರದಾಯಿಕ ಆಟದಲ್ಲಿ ಒಂದು ತಂಡದ ಎಂಟು ಜನ ಎರಡು ಕಂಬಗಳ ನಡುವಿನ ಚೌಕಗಳಲ್ಲಿ ಕೂರುತ್ತಾರೆ, ಒಬ್ಬರು ಆ ಕಡೆ ಮುಖ ಮಾಡಿದರೆ ಪಕ್ಕದವರು ಈ ಕಡೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಎದುರಾಳಿ ತಂಡದವರು ಮೂವರ ಬ್ಯಾಚಿನಂತೆ ಒಳಗೆ ಬಂದು ಓಡುತ್ತಾರೆ. ಮೂವರೂ ಔಟಾದರೆ ಮುಂದಿನ ಮೂವರು ತಡಮಾಡದೆ ಒಳಬರಬೇಕು. ಒಂದು ಸರದಿ 9 ನಿಮಿಷ. ಒಬ್ಬರು ಔಟಾದರೆ ಬೆನ್ನಟ್ಟುವ ತಂಡಕ್ಕೆ ಒಂದು ಅಂಕ. ಆಮೇಲೆ ಪಾತ್ರ ಅದಲುಬದಲು. ಇಂಥ ಎರಡು ಇನಿಂಗ್ಸ್ ಮುಗಿದಾಗ ಯಾರ ಅಂಕ ಹೆಚ್ಚೋ ಅವರು ಗೆದ್ದರು.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಬೆನ್ನಟ್ಟುವವರ ಕೆಲಸಕ್ಕೆ ಅಂಕವಿದೆ, ಓಡುವವರ ಕೆಲಸಕ್ಕೆ ಇಲ್ಲ. ಓಡುವವಳು ಹತ್ತು ಸೆಕೆಂಡಿಗೆ ಸಿಕ್ಕಿಬಿದ್ದರೂ ಎದುರಾಳಿಗೆ ಒಂದೇ ಅಂಕ, ಮೂರು ನಿಮಿಷ ಸತಾಯಿಸಿ ಆಮೇಲೆ ಸಿಕ್ಕರೂ ಒಂದೇ ಅಂಕ. ಸ್ಕೋರ್‌ಬೋರ್ಡಿಗೆ ಇಬ್ಬರೂ ಒಂದೇ. ಆದರೆ ಪಂದ್ಯಕ್ಕೆ ಒಂದೇ ಅಲ್ಲ. ನಾನು ತಂಡದಿಂದ ಹೊರಬೀಳುವ ಮೊದಲು ಆಡಿದ ಕೊನೆಯ ಪಂದ್ಯದ ಲೆಕ್ಕ ನೋಡಿ.

ಯಲಹಂಕದ ಮೈದಾನ, ಡಿಸೆಂಬರಿನ ಬೆಳಗ್ಗೆ, ಮಂಜು ಇನ್ನೂ ಇಳಿಯುತ್ತಿತ್ತು. ಎರಡೂ ಇನಿಂಗ್ಸಿನಲ್ಲಿ ಬೆನ್ನಟ್ಟಿ ನಾವು ಹತ್ತು ಹತ್ತರಂತೆ 20 ಅಂಕ ಮಾಡಿದ್ದೆವು. ಎದುರಾಳಿಗಳು ಮೊದಲ ಇನಿಂಗ್ಸಿನಲ್ಲಿ ಮಾಡಿದ್ದು 8. ಕೊನೆಯ ಸರದಿ ಅವರದು. ಅವರು 12 ಮಾಡಿದರೆ ಸಮ, 13 ಮಾಡಿದರೆ ಗೆಲುವು. ನಾನಿದ್ದದ್ದು ಮೊದಲ ಬ್ಯಾಚಿನಲ್ಲಿ. ಜೊತೆಯ ಒಬ್ಬಳು 35 ಸೆಕೆಂಡಿಗೆ, ಇನ್ನೊಬ್ಬಳು 1 ನಿಮಿಷ 10 ಸೆಕೆಂಡಿಗೆ ಔಟಾದರು. ಆಮೇಲೆ ನಾನೊಬ್ಬಳೇ. ಕಂಬದ ಬಳಿ ಬೆನ್ನಿಗೆ ಕೈ ತಗಲಿದಾಗ 2 ನಿಮಿಷ 50 ಸೆಕೆಂಡ್ ಆಗಿತ್ತು. ಆರ್.ಟಿ. ನಗರದಿಂದ ಪಂದ್ಯ ನೋಡಲು ಬಂದಿದ್ದ ಸೀನಿಯರ್ ಅಕ್ಕ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಬರೆದಿಟ್ಟುಕೊಂಡಿದ್ದಕ್ಕೆ ಈ ಸಮಯಗಳು ನನ್ನ ಬಳಿ ಇವೆ. ಅಂತೂ ಅವರು 11ಕ್ಕೆ ನಿಂತರು. ನಾವು ಒಂದು ಅಂಕದಿಂದ ಗೆದ್ದೆವು.

ಈಗ ಗಣಿತ. 9 ನಿಮಿಷ ಅಂದರೆ 540 ಸೆಕೆಂಡ್. ಮೊದಲ 170 ಸೆಕೆಂಡಿನಲ್ಲಿ ಅವರಿಗೆ ಸಿಕ್ಕಿದ್ದು ನಮ್ಮ ಬ್ಯಾಚಿನ ಮೂರು ಔಟು. ಉಳಿದ 370 ಸೆಕೆಂಡಿನಲ್ಲಿ ಎಂಟು. ಅಂದರೆ ಒಂದು ಔಟಿಗೆ ಸುಮಾರು 46 ಸೆಕೆಂಡ್. ನಾನು ಒಂದೂವರೆ ನಿಮಿಷಕ್ಕೇ ಬಿದ್ದಿದ್ದರೆ ಅವರ ಕೈಗೆ ಇನ್ನೂ 80 ಸೆಕೆಂಡ್ ಸಿಗುತ್ತಿತ್ತು. ಅದೇ ವೇಗದಲ್ಲಿ ಹೋಗಿದ್ದರೆ ಇನ್ನೊಂದು ಔಟಂತೂ ಆಗುತ್ತಿತ್ತು, ಎರಡನೆಯದೂ ಆಗಬಹುದಿತ್ತು. ಗೆದ್ದ ಪಂದ್ಯ ಸಮವಾಗುತ್ತಿತ್ತು ಅಥವಾ ಕೈಬಿಡುತ್ತಿತ್ತು. ನೋಟ್‌ಬುಕ್ಕಿನಲ್ಲಿ ಮಾತ್ರ ನಾನು ಆ ದಿನ ಏನೂ ಮಾಡಿಲ್ಲ, ಔಟಾಗಿದ್ದೇನೆ ಅಷ್ಟೇ.

ಆ 80 ಸೆಕೆಂಡ್ ಅದೃಷ್ಟದಿಂದ ಬರುವುದಲ್ಲ. ಬೆನ್ನಟ್ಟುವವಳಿಗೆ ಕಟ್ಟುಪಾಡು ಹೆಚ್ಚು. ಕುಳಿತವರ ನಡುವೆ ನುಗ್ಗಿ ಆ ಕಡೆಗೆ ದಾಟುವಂತಿಲ್ಲ. ಒಂದು ದಿಕ್ಕು ಹಿಡಿದರೆ ಕಂಬ ತಲುಪುವವರೆಗೆ ಹಿಂದೆ ತಿರುಗುವಂತಿಲ್ಲ. ಹೆಬ್ಬಾಳ ಫ್ಲೈಓವರಿನಲ್ಲಿ ತಪ್ಪು ರ‍್ಯಾಂಪ್ ಹತ್ತಿದ ಹಾಗೆ, ಮುಂದೆ ಹೋಗಿಯೇ ತೀರಬೇಕು. ಅವಳಿಗಿರುವ ಒಂದೇ ದಾರಿ ಕುಳಿತವಳ ಹಿಂದೆ ಹೋಗಿ ಮುಟ್ಟಿ ‘ಖೋ’ ಎನ್ನುವುದು. ಓಡುವವಳಿಗೆ ಈ ಯಾವ ಕಟ್ಟೂ ಇಲ್ಲ, ಎರಡು ಚೌಕಗಳ ನಡುವೆ ಎಲ್ಲಿ ಬೇಕಾದರೂ ದಾಟಬಹುದು. ಆದ್ದರಿಂದ ವೇಗಕ್ಕಿಂತ ಮುಖ್ಯವಾದದ್ದು ದಾಟುವ ಗಳಿಗೆ. ಬೇಗ ದಾಟಿದರೆ, ಆ ಕಡೆಗೆ ಮುಖ ಮಾಡಿ ಕುಳಿತವಳು ಇನ್ನೂ ಬೆನ್ನಟ್ಟುವವಳ ಮುಂದೆಯೇ ಇರುತ್ತಾಳೆ, ಖೋ ಬಿತ್ತು, ನೀವು ಸಿಕ್ಕಿದಿರಿ. ಬೆನ್ನಟ್ಟುವವಳು ಆ ಚೌಕವನ್ನು ದಾಟಿ ಒಂದು ಹೆಜ್ಜೆ ಮುಂದೆ ಹೋಗಲಿ ಎಂದು ಕಾದು ದಾಟಿದರೆ, ಅವಳು ಹಿಂದೆ ಬರುವಂತಿಲ್ಲ. ಇನ್ನೂ ಮುಂದೆ ಹೋಗಿ ಬೇರೊಬ್ಬಳಿಗೆ ಖೋ ಕೊಡಬೇಕು. ಆ ಬೇರೊಬ್ಬಳು ಎದ್ದು ನಿಮ್ಮ ಕಡೆ ಬರುವಷ್ಟರಲ್ಲಿ ನಿಮಗೆ ಎರಡು ಮೂರು ಸೆಕೆಂಡ್ ಸಿಕ್ಕಿತು. ಹೀಗೆ ಕುಳಿತವರ ನಡುವೆ ಹಾವಿನಂತೆ ಹೆಣೆದು ಓಡುವುದಕ್ಕೇ ‘ಚೈನ್’ ಎನ್ನುವುದು. ಎರಡೂವರೆ ನಿಮಿಷ ಎಂದರೆ ಇಂಥ ಸಣ್ಣ ಸಣ್ಣ ಲಾಭಗಳ ಮೊತ್ತ.

‘ಇದು ಹಳೆಯ ನಿಯಮದ ಸಮಸ್ಯೆ, ಹೊಸ ಆಟದಲ್ಲಿ ಡಿಫೆಂಡರಿಗೂ ಅಂಕ ಕೊಡುತ್ತಾರಲ್ಲ’ ಎಂದು ನನ್ನ ಕ್ಲಾಸಿನ ಹುಡುಗನೊಬ್ಬ ವಾದ ಮಾಡಿದ. ನಿಜ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪಿನಲ್ಲಿ ತಂಡಕ್ಕೆ ಏಳೇ ಜನ, ಸರದಿಗೆ 7 ನಿಮಿಷ, ಒಂದು ಔಟಿಗೆ 2 ಅಂಕ. ಒಂದು ಬ್ಯಾಚ್ 3 ನಿಮಿಷ ಉಳಿದುಕೊಂಡರೆ ‘ಡ್ರೀಮ್ ರನ್’, ಓಡುವ ತಂಡಕ್ಕೆ 1 ಅಂಕ. ಆಮೇಲೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಆದರೆ ಆ ಅಂಕ ನಿಜವಾದ ಕೆಲಸವನ್ನು ಎಷ್ಟು ಅಳೆಯುತ್ತದೆ?

ಮಹಿಳೆಯರ ಫೈನಲ್ಲನ್ನೇ ತೆಗೆದುಕೊಳ್ಳಿ. ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು. ಕೊನೆಯ ಸರದಿಯಲ್ಲಿ ಬೆನ್ನಟ್ಟಿದ್ದು ನೇಪಾಳ. ಆಗ ಅಂಕ 73–24. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದ ಬ್ಯಾಚ್ ಆ ಸರದಿಯಲ್ಲಿ 5 ನಿಮಿಷ 14 ಸೆಕೆಂಡ್ ಉಳಿಯಿತು. 3 ನಿಮಿಷಕ್ಕೆ ಒಂದು, ಮೂರೂವರೆಗೆ ಎರಡು, ಹೀಗೆ 5 ನಿಮಿಷಕ್ಕೆ ಐದು. 73 ಇದ್ದದ್ದು 78 ಆಯಿತು. ಸ್ಕೋರ್‌ಬೋರ್ಡಿನ ಪ್ರಕಾರ ಆ ಬ್ಯಾಚಿನ ಬೆಲೆ 5 ಅಂಕ.

ಇನ್ನೊಂದು ಬದಿಯಿಂದ ನೋಡಿ. ಆ ಸರದಿಯಲ್ಲಿ ನೇಪಾಳ ಗಳಿಸಿದ್ದು 16 ಅಂಕ, ಅಂದರೆ ಎಂಟು ಔಟು. ಚೈತ್ರಾ ಬ್ಯಾಚಿನಿಂದ ಹೆಚ್ಚೆಂದರೆ ಮೂರು. ಹಾಗಾದರೆ ಉಳಿದ 1 ನಿಮಿಷ 46 ಸೆಕೆಂಡಿನಲ್ಲಿ ಕನಿಷ್ಠ ಐದು, 21 ಸೆಕೆಂಡಿಗೆ ಒಂದರಂತೆ. ಮೊದಲ ಸರದಿಯಲ್ಲಿ ಭಾರತ ಬೆನ್ನಟ್ಟಿ 34 ಅಂಕ ಮಾಡಿದ್ದು ಸುಮಾರು 25 ಸೆಕೆಂಡಿಗೊಂದು ಔಟಿನ ವೇಗದಲ್ಲಿ. ಅಂದರೆ ನೇಪಾಳದ ಹುಡುಗಿಯರೇನೂ ನಿಧಾನ ಇರಲಿಲ್ಲ. ಅದೇ 21 ಸೆಕೆಂಡಿನ ವೇಗ ಆ 5 ನಿಮಿಷ 14 ಸೆಕೆಂಡಿನಲ್ಲೂ ನಡೆದಿದ್ದರೆ ಹದಿನೈದು ಔಟು, 30 ಅಂಕ. ಸಿಕ್ಕಿದ್ದು ಹೆಚ್ಚೆಂದರೆ 6. ಉಳಿಸಿದ್ದು ಸುಮಾರು 24 ಅಂಕ, ಬೋರ್ಡಿನಲ್ಲಿ ಕಂಡದ್ದು 5.

ಹಾಗಂತ ಡ್ರೀಮ್ ರನ್ನಿನ ಅಂಕ ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ. ಉಳಿಸಿದ 24 ಅಂಕ ಎದುರಾಳಿಯ ಖಾತೆಯಲ್ಲಿ ಇಲ್ಲದಿರುವುದರಿಂದಲೇ ತಂಡಕ್ಕೆ ಈಗಾಗಲೇ ಸಂದಾಯವಾಗಿದೆ, ಎರಡು ಸಲ ಕೊಡಬೇಕಾಗಿಲ್ಲ. ತಂಡಕ್ಕೆ ನ್ಯಾಯ ಸಿಗುತ್ತದೆ, ಆಟಗಾರ್ತಿಗೆ ಸಿಗುವುದಿಲ್ಲ. ಅಂಕದ ನಿಯಮ ಸರಿಯಾಗಿಯೇ ಇದೆ. ಆ ಅಂಕವನ್ನಷ್ಟೇ ನೋಡಿ ಆಟಗಾರರನ್ನು ಆರಿಸುವ ನಮ್ಮ ರೂಢಿ ತಪ್ಪು. ಸೆಕೆಂಡಿನ ಬೆಲೆ ಈ ಆಟಕ್ಕೆ ಮೊದಲಿನಿಂದಲೂ ಗೊತ್ತು. ಕೊನೆಯಲ್ಲಿ ಬೆನ್ನಟ್ಟಿ ಗೆದ್ದ ತಂಡ ‘ಒಂದು ಅಂಕ ಮತ್ತು ಎರಡು ನಿಮಿಷ ಉಳಿದಿರುವಂತೆ’ ಗೆದ್ದಿತು ಎಂದೇ ಬರೆಯುತ್ತಾರೆ. ಮತ್ತೆ ಮತ್ತೆ ಸಮವಾದರೆ ಮೊದಲ ಔಟಿಗೆ ಯಾರು ಕಡಿಮೆ ಸಮಯ ತೆಗೆದುಕೊಂಡರು ಎಂದು ನೋಡಿ ತೀರ್ಪು ಕೊಡುತ್ತಾರೆ. ದೊಡ್ಡ ಟೂರ್ನಿಗಳ ವರದಿಯಲ್ಲಿ ಯಾರು ಎಷ್ಟು ನಿಮಿಷ ಓಡಿದರು ಎಂಬುದೂ ಇರುತ್ತದೆ. ನಮ್ಮ ಕಾಲೇಜುಗಳ ನೋಟ್‌ಬುಕ್ಕಿಗೆ ಮಾತ್ರ ಅದು ಇನ್ನೂ ಇಳಿದಿಲ್ಲ.

ಸಮಯವೊಂದನ್ನೇ ಬರೆದರೆ ಅದೂ ಮೋಸ ಮಾಡುತ್ತದೆ, ಒಪ್ಪುತ್ತೇನೆ. ಜಾಣ ತಂಡ ಬ್ಯಾಚಿನ ದುರ್ಬಲರನ್ನು ಮೊದಲು ಹಿಡಿಯುತ್ತದೆ. ಆಗ ಮೂಲೆಯಲ್ಲಿ ಸುಮ್ಮನೆ ನಿಂತವಳ ಖಾತೆಗೂ ಒಂದು ನಿಮಿಷ ಸೇರುತ್ತದೆ. ನನ್ನ 2 ನಿಮಿಷ 50 ಸೆಕೆಂಡಿನಲ್ಲೂ ಮೊದಲ 1 ನಿಮಿಷ 10 ಸೆಕೆಂಡ್ ಹೆಚ್ಚಾಗಿ ಜೊತೆಯವರ ಬೆನ್ನ ಹಿಂದೆಯೇ ಓಡಾಟ ನಡೆದಿತ್ತು. ಉಳಿದ 1 ನಿಮಿಷ 40 ಸೆಕೆಂಡ್ ಮಾತ್ರ ಪೂರ್ತಿ ನನ್ನದು. ಹಾಗಾಗಿ ಮೂರು ವಿಷಯ ಬರೆದರೆ ಸಾಕು: ಬ್ಯಾಚ್ ಒಳಬಂದ ಸಮಯ, ಪ್ರತಿಯೊಬ್ಬರೂ ಔಟಾದ ಸಮಯ, ಔಟಾದ ಬಗೆ. ಎರಡನೆಯದರಿಂದ ಒಬ್ಬಳೇ ಉಳಿದು ಎಷ್ಟು ಹೊತ್ತು ಓಡಿದಳು ಎಂದು ತಿಳಿಯುತ್ತದೆ. ಮೂರನೆಯದರಿಂದ ಎದುರಾಳಿಯ ಒಳ್ಳೆಯ ಡೈವಿಗೆ ಬಿದ್ದಳೋ, ತಾನಾಗಿಯೇ ಗೆರೆ ದಾಟಿ ಹೊರಹೋದಳೋ ಎಂದು ತಿಳಿಯುತ್ತದೆ. ಬೆಂಚಿನಲ್ಲಿ ಕುಳಿತ ಒಬ್ಬರು, ಒಂದು ಮೊಬೈಲ್, ಒಂದು ಪೆನ್ನು ಇದ್ದರೆ ಆಯಿತು.

ಇದೆಲ್ಲ ಬರೀ ಆಟದ ಮಾತು ಎನಿಸಬಹುದು. ಆದರೆ ರೈಲ್ವೆಯಂಥ ಕಡೆ ಕ್ರೀಡಾ ಕೋಟಾದ ಕೆಲಸಕ್ಕೆ ಅರ್ಜಿ ಹಾಕುವವರು ಯಾವ ಮಟ್ಟದಲ್ಲಿ ಆಡಿದ್ದೇವೆ ಎಂದು ಪ್ರಮಾಣಪತ್ರ ತೋರಿಸಬೇಕು. ಆ ಮೆಟ್ಟಿಲು ಶುರುವಾಗುವುದೇ ಕಾಲೇಜು ತಂಡದಿಂದ. ಮೊದಲ ಮೆಟ್ಟಿಲಲ್ಲೇ ಓಡುವವಳ ಹೆಸರಿನ ಮುಂದೆ 1 ಎಂದು ಬರೆದು ಕಳಿಸಿದರೆ ಮೇಲಿನವರು ಅವಳನ್ನು ನೋಡುವುದೇ ಇಲ್ಲ.

ಈ ಸೆಮಿಸ್ಟರಿನ ಆಯ್ಕೆ ಮುಂದಿನ ತಿಂಗಳು. ಅಭ್ಯಾಸ ಪಂದ್ಯಗಳಲ್ಲಿ ಎಲ್ಲರ ಸಮಯವನ್ನೂ ನಾನೇ ಬರೆಯುತ್ತಿದ್ದೇನೆ, ನನ್ನ ಗೆಳತಿಯದ್ದೂ ಸೇರಿ. ಅವಳು ಓಡುವಾಗ 40 ಸೆಕೆಂಡ್ ದಾಟುವುದು ಅಪರೂಪ, ಅವಳಿಗೂ ಈಗ ಅದು ಗೊತ್ತಾಗಿದೆ. ಮೊನ್ನೆ ಅಭ್ಯಾಸ ಮುಗಿದ ಮೇಲೆ ಬಂದು, ‘ಲೇ, ಯಾವಾಗ ದಾಟಬೇಕು ಅಂತ ನನಗೂ ಸ್ವಲ್ಪ ಹೇಳಿಕೊಡೆ’ ಅಂದಳು. ಡೈವ್ ಹೊಡೆಯುವುದನ್ನು ಅವಳು ನನಗೆ ಕಲಿಸುತ್ತಿದ್ದಾಳೆ. ಪಟ್ಟಿ ಮಾಡುವವರು ಈ ಸಲ ನನ್ನ ಹಾಳೆಯನ್ನೂ ಒಮ್ಮೆ ತಿರುವಿ ನೋಡಲಿ, ಆಮೇಲೆ ಬೇಕಾದರೆ ನನ್ನನ್ನು ಬಿಡಲಿ.