ವಾರದ ಸಭೆ ಪಾಕ್ಷಿಕವಾಗಲಿ, ಆದರೆ ಸೂಚನಾಪತ್ರ ಎಚ್ಚರದಿಂದಿರಲಿ

ನಮ್ಮ ಸದಸ್ಯರ ಕಾರ್ಖಾನೆಗಳಲ್ಲಿ ಸೋಮವಾರದ ಪ್ರಗತಿ ಪರಿಶೀಲನಾ ಸಭೆ ಈಗ ರೂಢಿಯಾಗಿದೆ. ಅದನ್ನು ಹದಿನೈದು ದಿನಗಳಿಗೊಮ್ಮೆ ನಡೆಸಬಾರದೇಕೆ ಎಂದು ಹಲವು ಮಾಲೀಕರು ನನ್ನನ್ನು ಕೇಳಿದ್ದಾರೆ. ನಡೆಸಬಹುದು ಎಂಬುದೇ ನನ್ನ ಅಭಿಪ್ರಾಯ. ಆದರೆ ಇಂತಹ ಬದಲಾವಣೆ ಕೆಡುವುದು ಬಹುಪಾಲು ಅದನ್ನು ತಿಳಿಸುವ ರೀತಿಯಲ್ಲಿ. ನನ್ನ ಕಕ್ಷಿದಾರರೊಬ್ಬರ ಅನುಭವವನ್ನು ಇಲ್ಲಿ ನಿವೇದಿಸುತ್ತೇನೆ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಅವರದು ವಾಲ್ವ್ ಬಿಡಿಭಾಗಗಳನ್ನು ತಯಾರಿಸುವ ಘಟಕ. ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತು ಜನ ಒಂದೂವರೆ ಗಂಟೆ ಕುಳಿತುಕೊಳ್ಳುತ್ತಿದ್ದರು. ಮಾಲೀಕರಿಗೆ ಒಂದು ದಿನ ಬೇಸರ ಬಂದು ಸೂಚನಾಫಲಕದಲ್ಲಿ ಎರಡು ಸಾಲು ಬರೆಸಿ ಹಾಕಿಸಿದರು: "ಸಮಯದ ಅಪವ್ಯಯವನ್ನು ತಪ್ಪಿಸುವ ಸಲುವಾಗಿ ಮುಂದಿನ ತಿಂಗಳಿಂದ ಸಭೆಯನ್ನು ಹದಿನೈದು ದಿನಗಳಿಗೊಮ್ಮೆ ಮಾತ್ರ ನಡೆಸಲಾಗುವುದು." ಉಗ್ರಾಣ ನೋಡಿಕೊಳ್ಳುವ ಹಿರಿಯರು ನೇರವಾಗಿ ಕೊಠಡಿಗೆ ಬಂದು, "ನಮ್ಮ ಮಾತು ಕೇಳೂದು ಬ್ಯಾಸರಾತೇನ್ರಿ?" ಎಂದು ಕೇಳಿದರಂತೆ. ಅವರ ಪಾಲಿಗೆ ಮಾಲೀಕರೊಡನೆ ಎಲ್ಲರ ಸಮ್ಮುಖದಲ್ಲಿ ಮಾತನಾಡಲು ದೊರೆಯುತ್ತಿದ್ದ ಅವಕಾಶ ಅದೊಂದೇ. 'ಅಪವ್ಯಯ' ಎಂಬ ಪದವನ್ನು ಅವರು ತಮ್ಮ ಮಾತಿಗೆ ಅನ್ವಯಿಸಿಕೊಂಡಿದ್ದರು. ಮಾಲೀಕರು ಫಲಕದಿಂದ ಆ ಹಾಳೆಯನ್ನು ತೆಗೆಸಿ ನನ್ನನ್ನು ಕರೆಸಿದರು.

ಲೆಕ್ಕಿಗನಾದ ನನಗೆ ಮೊದಲು ಹೊಳೆದದ್ದೂ ಅದೇ ದಾರಿ. ಒಂಬತ್ತು ಜನ, ಒಂದೂವರೆ ಗಂಟೆ, 52 ವಾರ ಎಂದರೆ ವರ್ಷಕ್ಕೆ 702 ಮಾನವ ಗಂಟೆಗಳು. ಅರ್ಧಕ್ಕಿಳಿಸಿದರೆ 351 ಗಂಟೆಗಳ ಉಳಿತಾಯ. ಈ ಅಂಕಿಯನ್ನು ಮಾಲೀಕರು ತಿಳಿದಿರಲಿ, ಸೂಚನಾಪತ್ರದಲ್ಲಿ ಮಾತ್ರ ಬೇಡ ಎಂದು ಆಮೇಲೆ ನಾನೇ ತಡೆದೆ. ಇದುವರೆಗೆ ಕುಳಿತದ್ದು ವ್ಯರ್ಥವಾಯಿತು ಎಂದು ಹೇಳಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ.

ಅದರ ಬದಲು ಹಿಂದಿನ ಹನ್ನೆರಡು ವಾರಗಳ ನಡಾವಳಿ ಪುಸ್ತಕವನ್ನು ತರಿಸಿ, ಸಿಬ್ಬಂದಿಯಲ್ಲಿಯೇ ಇಬ್ಬರನ್ನು ಕೂರಿಸಿಕೊಂಡು ಪ್ರತಿ ವಿಷಯದ ಮುಂದೆ ಗುರುತು ಹಾಕಿದೆವು. ಒಟ್ಟು 108 ವಿಷಯಗಳಿದ್ದವು. ಅವುಗಳಲ್ಲಿ 61ರ ಮುಂದೆ ಬರೆದಿದ್ದದ್ದು 'ಪ್ರಗತಿಯಲ್ಲಿದೆ' ಎಂದಷ್ಟೇ. ಹಿಂದಿನ ವಾರದಿಂದ ಏನೂ ಬದಲಾಗಿರಲಿಲ್ಲ. ಇನ್ನು 36 ವಿಷಯಗಳು ಸಭೆಗೆ ಮೊದಲೇ ದೂರವಾಣಿಯಲ್ಲಿಯೋ ಯಂತ್ರದ ಬಳಿಯೋ ತೀರ್ಮಾನವಾಗಿದ್ದು, ಸಭೆಯಲ್ಲಿ ವರದಿಯಾಗಿದ್ದವು. ಸಭೆಯಲ್ಲಿಯೇ ಕುಳಿತು ನಿರ್ಧರಿಸಿದ್ದು 11 ಮಾತ್ರ. ಆ 11ರಲ್ಲಿ ಇನ್ನೊಂದು ವಾರ ಕಾಯಲು ಸಾಧ್ಯವೇ ಇರದಿದ್ದವು ನಾಲ್ಕು: ಎರಡು ಪಾವತಿಯ ವಿಷಯ, ಒಂದು ತಿರಸ್ಕೃತವಾಗಿ ಹಿಂತಿರುಗಿದ ಮಾಲು, ಒಂದು ಹೆಚ್ಚುವರಿ ಪಾಳಿ. ಸಭೆ ಪಾಕ್ಷಿಕವಾದರೆ ಈ ನಾಲ್ಕು ಬಗೆಯ ಸಂಗತಿಗಳಿಗೆ ಏನು ದಾರಿ ಎಂಬುದಕ್ಕೆ ಉತ್ತರ ಸಿಕ್ಕಿದರೆ ಸಾಕಿತ್ತು. ಈ ಎಣಿಕೆಯನ್ನು ಸಿಬ್ಬಂದಿಯ ಕೈಯಿಂದಲೇ ಮಾಡಿಸಿದ್ದು ಅರ್ಧ ಕೆಲಸವನ್ನು ಮುಗಿಸಿತು. ಮಾಲೀಕರು ಹೇಳಬೇಕಿದ್ದುದನ್ನು ಅವರೇ ಕಂಡುಕೊಂಡಿದ್ದರು.

ಪಾವತಿಯ ವಿಷಯಕ್ಕೆ ಸ್ವಲ್ಪ ವಿವರಣೆ ಅಗತ್ಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದಾಗ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಪಾವತಿಸಬೇಕು. ಒಪ್ಪಂದವಿದ್ದರೂ ಅವಧಿ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಮಾಸಿಕ ಚಕ್ರಬಡ್ಡಿ. ಸೋಮವಾರ ಸಭೆ ಮುಗಿದ ಮೇಲೆ ಮಧ್ಯಾಹ್ನ ಮಾಲು ಬಂದು ಸ್ವೀಕೃತವಾಯಿತು ಎನ್ನೋಣ. ಮುಂದಿನ ಪಾಕ್ಷಿಕ ಸಭೆಗೆ 14 ದಿನ ಕಳೆದಿರುತ್ತದೆ. ಆ ಸಭೆ ಎರಡು ದಿನ ಮುಂದಕ್ಕೆ ಹೋದರೆ ಗಡುವು ದಾಟುತ್ತದೆ. ಆದ್ದರಿಂದ ಪಾವತಿಗೆ ಒಪ್ಪಿಗೆ ಕೊಡುವ ಕೆಲಸವನ್ನು ಸಭೆಯಿಂದಲೇ ಬಿಡಿಸಿದೆವು. ಪ್ರತಿ ಸೋಮವಾರ ಲೆಕ್ಕಪತ್ರ ವಿಭಾಗದವರು ಬಾಕಿ ಬಿಲ್ಲುಗಳ ಪಟ್ಟಿಯನ್ನು ದಿನಾಂಕವಾರು ಒಂದೇ ಪುಟದಲ್ಲಿ ಮಾಲೀಕರ ಮೇಜಿಗಿಡುತ್ತಾರೆ. ಜಿ.ಎಸ್.ಟಿ. ಮತ್ತು ಟಿ.ಡಿ.ಎಸ್. ಗಡುವುಗಳೂ ಅದೇ ಪುಟದಲ್ಲಿರುತ್ತವೆ.

ಎರಡನೆಯ ತೊಡಕು ದಿನದ ಆಯ್ಕೆಯದು. 'ಪಾಕ್ಷಿಕ' ಎಂದೊಡನೆ ಹಿರಿಯ ಮೇಲ್ವಿಚಾರಕರು, "ಹಂಗಾದ್ರ ಅಮಾಸಿ-ಹುಣ್ಣಿವಿಗೆ ಸಭಾ ಏನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಪ್ರಶ್ನೆಯಲ್ಲಿ ಹುರುಳಿತ್ತು. 'ಮೊದಲನೆಯ ಮತ್ತು ಮೂರನೆಯ ಸೋಮವಾರ' ಎಂದು ಬರೆದರೆ, ಐದು ಸೋಮವಾರಗಳು ಬರುವ ತಿಂಗಳಿನ ಕೊನೆಯಲ್ಲಿ ಅಂತರ ಮೂರು ವಾರವಾಗುತ್ತದೆ. ವರ್ಷಕ್ಕೆ ನಾಲ್ಕೈದು ಬಾರಿ ಹೀಗಾಗುತ್ತದೆ. 'ಒಂದು ವಾರ ಬಿಟ್ಟು ಒಂದು ವಾರ' ಎಂದು ನಿಗದಿಪಡಿಸಿ, ದಿನಾಂಕಗಳನ್ನೇ ಬರೆದುಬಿಡುವುದು ಲೇಸು.

ಕೊನೆಗೆ ಹೊರಟ ಸೂಚನಾಪತ್ರದ ಒಕ್ಕಣೆ ಹೀಗಿತ್ತು:

"ಆತ್ಮೀಯ ಸಹೋದ್ಯೋಗಿಗಳೇ, ನಮ್ಮ ಸೋಮವಾರದ ಸಭೆಯಿಂದಾಗಿ ಎಲ್ಲ ವಿಭಾಗಗಳವರಿಗೂ ಪರಸ್ಪರರ ಕೆಲಸ ತಿಳಿದಿದೆ. ಕಳೆದ ಹನ್ನೆರಡು ವಾರಗಳ ನಡಾವಳಿಯನ್ನು ನಿಮ್ಮಲ್ಲಿಯೇ ಇಬ್ಬರು ಪರಿಶೀಲಿಸಿದ್ದು, ಹಲವು ವಿಷಯಗಳು ನೀವೇ ಸಭೆಗೆ ಮೊದಲು ಬಗೆಹರಿಸಿಕೊಂಡವು ಎಂದು ಕಂಡುಬಂದಿದೆ. ಆದುದರಿಂದ ಮೂರು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ, ಕೆಳಗೆ ಕಾಣಿಸಿದ ಆರು ದಿನಾಂಕಗಳಂದು ಸಭೆ ಸೇರೋಣ ಎಂಬುದು ನನ್ನ ಸಲಹೆ. ನಡುವಿನ ಸೋಮವಾರಗಳಂದು ಅದೇ ವೇಳೆಗೆ ನಾನು ನನ್ನ ಕೊಠಡಿಯಲ್ಲಿರುತ್ತೇನೆ. ಯಾರೂ ಬಂದು ಮಾತನಾಡಬಹುದು. ಮಾಲು ತಿರಸ್ಕೃತವಾದರೆ ಅಥವಾ ಪಾಳಿ ಹೆಚ್ಚಿಸಬೇಕಾದರೆ ನಿಮ್ಮಲ್ಲಿ ಯಾರೇ ಆದರೂ ಅಂದೇ ಸಭೆ ಕರೆಯಬಹುದು. ಆರನೆಯ ಸಭೆಯಲ್ಲಿ ಈ ಪದ್ಧತಿ ಮುಂದುವರಿಯಬೇಕೆ ಎಂಬುದನ್ನು ಎಲ್ಲರೂ ಸೇರಿ ತೀರ್ಮಾನಿಸೋಣ. ಈ ವಾರದೊಳಗೆ ನಿಮ್ಮ ಆಕ್ಷೇಪಗಳನ್ನು ತಿಳಿಸಿರಿ."

ಇದರಲ್ಲಿ ಅಲಂಕಾರವೇನೂ ಇಲ್ಲ. 'ಮಾತ್ರ', 'ಅಪವ್ಯಯ' ಎಂಬ ಪದಗಳು ಹೋದವು. ಅಂತಿಮ ಆಜ್ಞೆಯ ಬದಲು ಅವಧಿಯಿರುವ ಪ್ರಯೋಗ ಬಂದಿತು. ನಡುವಿನ ಸೋಮವಾರದ ಸಾಲನ್ನು ಮಾಲೀಕರು ಮೊದಲು ಒಪ್ಪಲಿಲ್ಲ. ಹಾಗಾದರೆ ಉಳಿತಾಯವೆಲ್ಲಿ ಎಂದರು. ಉಳಿತಾಯ ಇತರ ಎಂಟು ಜನರದು, ತಮ್ಮದಲ್ಲ ಎಂದು ನಾನು ಹೇಳಬೇಕಾಯಿತು. ಉಗ್ರಾಣದ ಹಿರಿಯರು ಒಪ್ಪಿದ್ದು ಆ ಒಂದು ಸಾಲಿನಿಂದ.

ಪ್ರಯೋಗ ಸಲೀಸಾಗಿ ನಡೆಯಿತೆಂದು ಹೇಳಲಾರೆ. ಮೂರನೆಯ ಸಭೆ ಮಾಲೀಕರ ಪ್ರವಾಸದಿಂದ ತಪ್ಪಿ, ಅಂತರ 28 ದಿನಗಳಾಯಿತು. ವಾರದ ಸಭೆ ಒಮ್ಮೆ ತಪ್ಪಿದರೆ ಹದಿನಾಲ್ಕು ದಿನ, ಪಾಕ್ಷಿಕ ಸಭೆ ತಪ್ಪಿದರೆ ನಾಲ್ಕು ವಾರ ಎಂಬುದನ್ನು ನಾವು ಯೋಚಿಸಿರಲಿಲ್ಲ. ಆ ಅವಧಿಯಲ್ಲಿ ಮಾಲೀಕರಿಗೆ ದೂರವಾಣಿ ಕರೆಗಳು ಹೆಚ್ಚಿದವು, ನಾಲ್ಕನೆಯ ಸಭೆ ಮೂರು ಗಂಟೆ ನಡೆಯಿತು. ಅಂತರ ಅತಿಯಾಗಿದೆ ಎಂಬುದಕ್ಕೆ ಇವೆರಡೇ ಲಕ್ಷಣಗಳು. ತಪ್ಪಿದ ಸಭೆಯನ್ನು ಎರಡು ದಿನಗಳೊಳಗೆ, ಮಾಲೀಕರಿಲ್ಲದಿದ್ದರೂ, ನಡೆಸತಕ್ಕದ್ದು ಎಂಬ ಸಾಲು ಆಮೇಲೆ ಸೇರಿತು.

ಹೊಸ ಯಂತ್ರ ಕೂರಿಸುತ್ತಿರುವವರಿಗೂ ಕೈಯಲ್ಲಿ ಹಣದ ಮುಗ್ಗಟ್ಟಿರುವವರಿಗೂ ಈ ಪದ್ಧತಿಯನ್ನು ನಾನು ಸೂಚಿಸುವುದಿಲ್ಲ. ಅವರ ನಡಾವಳಿ ಪುಸ್ತಕದಲ್ಲಿ 'ಪ್ರಗತಿಯಲ್ಲಿದೆ' ಎಂಬ ಬರಹಕ್ಕಿಂತ ನಿರ್ಧಾರಗಳೇ ಹೆಚ್ಚಿರುತ್ತವೆ.

ಆರನೆಯ ಸಭೆಯಲ್ಲಿ ಒಂಬತ್ತು ಜನರಲ್ಲಿ ಏಳು ಮಂದಿ ಪಾಕ್ಷಿಕ ಪದ್ಧತಿಗೆ ಒಪ್ಪಿದರು. ರವಾನೆ ವಿಭಾಗದ ಇಬ್ಬರು ತಮಗೆ ವಾರದ ಸಭೆಯೇ ಬೇಕೆಂದರು. ಅವರಿಬ್ಬರೂ ಮಾಲೀಕರೂ ಈಗ ಪ್ರತಿ ಸೋಮವಾರ ಇಪ್ಪತ್ತು ನಿಮಿಷ ಕುಳಿತುಕೊಳ್ಳುತ್ತಾರೆ.