ಸಂತಾಪವೋ, ಬೇಸರವೋ?

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ, ಡಿಚೋಲಿಯ ವಿದ್ಯಾರ್ಥಿಯೊಬ್ಬನು ಗಣಿತದಲ್ಲಿ ಅನುತ್ತೀರ್ಣನಾದ ತನ್ನ ಗೆಳೆಯನಿಗೆ ಕಳುಹಿಸಲು ಒಂದು ಗ್ರೀಟಿಂಗ್ ಕಾರ್ಡು ಕೊಂಡು ತಂದು ನಮಗೆ ತೋರಿಸಿದನು. ಒಳಗೆ ದುಂಡಾದ ಅಕ್ಷರಗಳಲ್ಲಿ ಹೀಗಿತ್ತು: “ನಿನ್ನ ಸೋಲಿಗೆ ನನ್ನ ತೀವ್ರ ಸಂತಾಪಗಳು.” ನಾವು ನಗಲಿಲ್ಲ. ಹುಡುಗನ ಮನಸ್ಸಿನಲ್ಲಿ ನಿಜವಾದ ಕಳವಳವಿತ್ತು. ಆದರೆ ಕಾರ್ಡು ಹಾಗೆಯೇ ತಲುಪಿದ್ದರೆ, ಆ ಮನೆಯವರು ಯಾರು ತೀರಿಕೊಂಡರೆಂದು ಗಾಬರಿಯಾಗುತ್ತಿದ್ದರು.

ದುಃಖ, ವ್ಯಥೆ, ಖೇದ, ವಿಷಾದ, ಸಂತಾಪ, ಕನಿಕರ, ನೋವು, ಬೇಸರ - ಇವೆಲ್ಲವನ್ನೂ ನಾವೇ ತರಗತಿಯಲ್ಲಿ ಸಮಾನಾರ್ಥಕ ಪದಗಳೆಂದು ಒಂದೇ ಸಾಲಿನಲ್ಲಿ ಬರೆಸುತ್ತೇವೆ. ಬಳಕೆಯಲ್ಲಿ ಅವು ಹಾಗೆ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಸಂತಾಪ ಎಂದರೆ ಮೂಲದಲ್ಲಿ ಬೇಗೆ. ಇಂದು ಅದು ಹೆಚ್ಚಾಗಿ ಸಾವಿನ ಮನೆಗೆ ಸೇರಿದ ಮಾತು. ಖೇದ, ವಿಷಾದಗಳು ಸುತ್ತೋಲೆಗಳಲ್ಲಿ ಕಾಣುವ ಪದಗಳು. ಅವುಗಳಲ್ಲಿ ಗೆಳೆಯನ ದನಿ ಕೇಳುವುದಿಲ್ಲ. ಕನಿಕರವಾದರೋ ಮೇಲೆ ನಿಂತವನು ಕೆಳಗಿರುವವನಿಗೆ ತೋರಿಸುವಂಥದು. ಗೆಳೆಯನು ನಿಲ್ಲಬೇಕಾದದ್ದು ಪಕ್ಕದಲ್ಲಿ.

ಗೋವೆಯ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಬೀದಿಯ ಕೊಂಕಣಿಯಲ್ಲಿ “ವಾಯ್ಟ್ ದಿಸ್ಲೆಂ” ಎಂದರೆ ಮನಸ್ಸಿಗೆ ನೋವಾಯಿತೆಂದು ಅರ್ಥ. ಅದನ್ನೇ ಪದಕ್ಕೆ ಪದವಿಟ್ಟು “ನನಗೆ ಕೆಟ್ಟದಾಗಿ ಕಂಡಿತು” ಎಂದು ಕನ್ನಡದಲ್ಲಿ ಬರೆದರೆ, ಗೆಳೆಯನ ನಡತೆಯನ್ನೇ ದೂರಿದಂತಾಗುತ್ತದೆ.

ನಮ್ಮ ಅಭಿಪ್ರಾಯದಲ್ಲಿ ಇಂಥ ಕಾರ್ಡಿಗೆ ಒಪ್ಪುವ ಪದ ‘ಬೇಸರ’. ಅದು ಮನೆಮಾತಿನದು, ಭಾರವಿಲ್ಲದ್ದು. ಆದರೆ ಅದರ ಹಿಂದೆ ಬರುವ ಮಾತನ್ನು ಗಮನಿಸಬೇಕು. “ನಿನ್ನ ಮೇಲೆ ಬೇಸರವಾಯಿತು” ಎಂದರೆ ಮುನಿಸು. “ಸುದ್ದಿ ಕೇಳಿ ಬೇಸರವಾಯಿತು” ಎಂದರೆ ಮರುಗುವ ಮನಸ್ಸು. ಪದ ಒಂದೇ, ಅರ್ಥ ಎರಡು. ಇನ್ನು ‘ಸೋಲು’ ಎಂಬ ಪದವನ್ನೂ ಬಿಡುವುದು ಲೇಸು. ಹುಡುಗ ಸೋತಿಲ್ಲ, ಒಂದು ವಿಷಯದಲ್ಲಿ ಅಂಕ ಸಾಲದೆ ಹೋಗಿದೆ, ಅಷ್ಟೆ.

ಎಷ್ಟೇ ಒಳ್ಳೆಯ ಪದವಾದರೂ ಒಂಟಿಯಾಗಿ ಸಮಾಧಾನ ಹೇಳಲಾರದು. ಅದರ ಬೆನ್ನಿಗೆ ಗೆಳೆಯನು ಮಾಡಬಲ್ಲ ಒಂದು ಕೆಲಸದ ಮಾತಿರಬೇಕು. “ಎಲ್ಲಾ ಒಳ್ಳೆಯದಕ್ಕೇ ಆಯಿತು” ಎಂಬಂಥ ಮಾತು ಆ ಹೊತ್ತಿಗೆ ಕಿವಿಗೆ ಮುಳ್ಳು.

ಹೀಗೆ ಮಾತನಾಡಿದ ಮೇಲೆ ಹುಡುಗನು ಹೊಸ ಹಾಳೆಯಲ್ಲಿ ತಾನೇ ಬರೆದನು: “ಸುದ್ದಿ ಕೇಳಿ ಬಹಳ ಬೇಸರವಾಯಿತು ಕಣೋ. ಈ ಸಲ ಗಣಿತ ಕೈಕೊಟ್ಟಿತು. ಪೂರಕ ಪರೀಕ್ಷೆಗೆ ಇಬ್ಬರೂ ಕೂತು ಲೆಕ್ಕ ಬಿಡಿಸೋಣ. ಭಾನುವಾರ ಬರುತ್ತೇನೆ.”

ನಾವು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.